ತೋರಣಗಲ್ಲಿನ ಸಂದರ್ಶನಕ್ಕೆ ಹಾಕಿದ ಜಡೆ: ದಟ್ಟ ಅಲೆಗೂದಲಿನ ಒಂದು ಪ್ರಕರಣ ಅಧ್ಯಯನ

ಪ್ರಕರಣದ ಹಿನ್ನೆಲೆ

ಏಪ್ರಿಲ್ ಕೊನೆಯ ವಾರದಲ್ಲಿ ಬಳ್ಳಾರಿಯ ಕೌಲ್ ಬಜಾರ್ ಕಡೆಯಿಂದ ನಮ್ಮ ಪಾರ್ಲರಿಗೆ ತಾಯಿಯೊಂದಿಗೆ ಬಂದ ಯುವತಿಯೊಬ್ಬಳ ಕೇಶವಿನ್ಯಾಸದ ಆಯ್ಕೆ ಹೇಗೆ ನಡೆಯಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಆಕೆ ಹಿಂದಿನ ವರ್ಷ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಮುಗಿಸಿದ್ದಳು. ಮೇ ಮೂರನೆಯ ವಾರದಲ್ಲಿ ತೋರಣಗಲ್ಲಿನ ಸಮೀಪದ ಒಂದು ಕಾರ್ಖಾನೆಯಲ್ಲಿ ಟ್ರೇನಿ ಹುದ್ದೆಗೆ ಸಂದರ್ಶನವಿತ್ತು. ಅದು ಆಕೆಯ ಮೊದಲ ಸಂದರ್ಶನ. ಕರೆಪತ್ರದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ವರದಿ ಮಾಡಿಕೊಳ್ಳಬೇಕೆಂದೂ, ಲಿಖಿತ ಪರೀಕ್ಷೆ ಮತ್ತು ಸಂದರ್ಶನದ ಜೊತೆಗೆ ಅಭ್ಯರ್ಥಿಗಳನ್ನು ಕಾರ್ಖಾನೆಯೊಳಗೆ ಒಂದು ಸುತ್ತು ಕರೆದೊಯ್ಯಲಾಗುವುದೆಂದೂ, ತುಂಬುತೋಳಿನ ಅಂಗಿ, ಪ್ಯಾಂಟು ಹಾಗೂ ಮುಚ್ಚಿದ ಬೂಟು ಧರಿಸಿರಬೇಕೆಂದೂ ಬರೆದಿತ್ತು. ಸುರಕ್ಷತಾ ಹೆಲ್ಮೆಟ್ಟನ್ನು ಗೇಟಿನಲ್ಲಿ ಕೊಡಲಾಗುವುದು ಎಂಬ ಒಂದು ಸಾಲು ಆ ಪತ್ರದ ಕೊನೆಯಲ್ಲಿತ್ತು. ತಾಯಿ ಮಗಳಿಬ್ಬರೂ ಆ ಸಾಲನ್ನು ಓದಿ ಮುಂದೆ ಸಾಗಿದ್ದರು. ಕೊನೆಗೆ ಎಲ್ಲ ಆಯ್ಕೆಗಳನ್ನು ನಿರ್ಧರಿಸಿದ್ದು ಅದೇ ಸಾಲು.

ಕೂದಲಿನ ಸ್ಥಿತಿಯನ್ನು ಮೊದಲು ಹೇಳಬೇಕು. ದಟ್ಟ ಕೂದಲು ಎಂದು ನಾವು ಸುಮ್ಮನೆ ಹೇಳಿಬಿಡುತ್ತೇವೆ, ಆದರೆ ಅದರಲ್ಲಿ ಎರಡು ಸಂಗತಿಗಳಿವೆ: ತಲೆಯ ಮೇಲೆ ಎಳೆಗಳ ಸಂಖ್ಯೆ ಹೆಚ್ಚಿರುವುದು ಒಂದು, ಒಂದೊಂದು ಎಳೆಯೂ ದಪ್ಪವಾಗಿರುವುದು ಇನ್ನೊಂದು. ಎಲ್ಲ ಕೂದಲನ್ನು ಹಿಂದಕ್ಕೆ ಒಟ್ಟುಮಾಡಿ ರಬ್ಬರ್ ಬ್ಯಾಂಡ್ ಹಾಕುವ ಜಾಗದಲ್ಲಿ ಟೇಪಿನಿಂದ ಅಳೆದರೆ, ಸುತ್ತಳತೆ ಹತ್ತು ಸೆಂಟಿಮೀಟರ್ ದಾಟಿದಾಗ ಸಂಖ್ಯೆ ಹೆಚ್ಚಿದೆ ಎಂದು ತಿಳಿಯಬಹುದು. ಉದುರಿದ ಒಂದು ಎಳೆಯನ್ನು ಹೊಲಿಗೆ ದಾರದ ಪಕ್ಕದಲ್ಲಿಟ್ಟು ನೋಡಿ, ಬೆರಳುಗಳ ನಡುವೆ ಉರುಳಿಸಿದಾಗ ಅದು ಸ್ಪಷ್ಟವಾಗಿ ಕೈಗೆ ಸಿಗುತ್ತಿದ್ದರೆ ಎಳೆಯೂ ದಪ್ಪ. ಈಕೆಯದು ಎರಡೂ ಬಗೆಯಲ್ಲಿ ದಟ್ಟವಾಗಿತ್ತು. ಉದ್ದ ಬೆನ್ನಿನ ನಡುಭಾಗದವರೆಗೆ. ಬುಡದಲ್ಲಿ ಸಪಾಟಾಗಿ ಬೆಳೆದು ಕಿವಿಯ ಮಟ್ಟದಿಂದ ಕೆಳಗೆ ಅಲೆ ಶುರುವಾಗುತ್ತಿತ್ತು, ಕತ್ತಿನ ಹಿಂದಿನ ಒಳಪದರ ಮಾತ್ರ ಮೇಲಿನದಕ್ಕಿಂತ ಹೆಚ್ಚು ಗುಂಗುರಾಗಿತ್ತು. ನೆತ್ತಿಯ ಹಿಂಭಾಗದಲ್ಲಿ ಬಲಕ್ಕೆ ಒಂದು ಸುಳಿ, ಹಣೆಯ ಅಂಚಿನಲ್ಲಿ ಸಾಕಷ್ಟು ಮರಿಗೂದಲು.

ಸ್ಟ್ರೇಟನಿಂಗ್ ಬೇಕೆಂಬ ಬೇಡಿಕೆ

ಯುವತಿ ಕುರ್ಚಿಯಲ್ಲಿ ಕೂರುವ ಮೊದಲೇ ತನ್ನ ತೀರ್ಮಾನ ಹೇಳಿದ್ದಳು: "ಅಕ್ಕಾ, ಸ್ಟ್ರೇಟ್ ಮಾಡ್ಬಿಡ್ರಿ, ಈ ಕಾಟನಾದ್ರೂ ತಪ್ಪಲಿ." ತಾಯಿಗೆ ಅದು ಒಪ್ಪಿಗೆಯಿರಲಿಲ್ಲ. "ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ್ರೆ ಏನ್ ಕಡಿಮೆ ಆಗ್ತೈತ್ರಿ ಮೇಡಂ, ನೀವೇ ಹೇಳ್ರಿ," ಎಂದು ಅವರು ನನ್ನತ್ತ ತಿರುಗಿದರು. ಇಬ್ಬರ ಮಾತಿನಲ್ಲೂ ಒಂದಿಷ್ಟು ಸರಿಯಿತ್ತು, ಆದರೆ ಇಬ್ಬರೂ ಸಂದರ್ಶನದ ದಿನ ಹೇಗೆ ಸಾಗುತ್ತದೆ ಎಂಬುದನ್ನು ಬಿಟ್ಟು ಮಾತಾಡುತ್ತಿದ್ದರು.

ಶಾಶ್ವತ ಸ್ಟ್ರೇಟನಿಂಗಿನಲ್ಲಿ ಕೂದಲಿನ ಆಕಾರವನ್ನು ಹಿಡಿದಿಟ್ಟಿರುವ ಗಂಧಕದ ಬಂಧಗಳನ್ನು ರಾಸಾಯನಿಕದಿಂದ ಒಡೆದು, ಬಿಸಿ ಇಸ್ತ್ರಿಯಿಂದ ನೇರಗೊಳಿಸಿ, ಮತ್ತೊಂದು ದ್ರಾವಣದಿಂದ ಆ ಹೊಸ ಆಕಾರದಲ್ಲಿ ಕೂಡಿಸಲಾಗುತ್ತದೆ. ಈ ಕೆಲಸ ಮುಗಿದ ಮೇಲೆ ಸಾಮಾನ್ಯವಾಗಿ ಎರಡು ಮೂರು ದಿನ ತಲೆ ತೊಳೆಯಬಾರದು, ಕಟ್ಟಬಾರದು, ಕಿವಿಯ ಹಿಂದೆ ಸಹ ಸಿಕ್ಕಿಸಬಾರದು ಎಂದು ಹೇಳಿ ಕಳುಹಿಸುತ್ತೇವೆ, ಏಕೆಂದರೆ ಆ ಅವಧಿಯಲ್ಲಿ ಬಿದ್ದ ಮಡಿಕೆ ಹಾಗೆಯೇ ಉಳಿಯುವ ಸಾಧ್ಯತೆ ಇರುತ್ತದೆ. ಈಕೆಗೆ ಮೂರು ವಾರ ಸಮಯವಿದ್ದುದರಿಂದ ಅದೇನೂ ತೊಡಕಾಗಿರಲಿಲ್ಲ. ತೊಡಕು ಇದ್ದದ್ದು ಬೇರೆ ಎರಡು ಕಡೆ. ಮೊದಲನೆಯದಾಗಿ, ಕೂದಲು ತಿಂಗಳಿಗೆ ಸುಮಾರು ಒಂದೂಕಾಲು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಕೆಲಸ ಸಿಕ್ಕಿ ಆಕೆ ಸೇರುವ ಹೊತ್ತಿಗೆ ಬುಡದಲ್ಲಿ ಸಹಜ ಸ್ವಭಾವದ ಹೊಸ ಕೂದಲು, ಕೆಳಗೆ ಚಪ್ಪಟೆಯಾದ ಹಳೆಯ ಕೂದಲು ಎಂಬ ಎರಡು ಭಾಗಗಳು ಕಾಣಿಸಿಕೊಳ್ಳುತ್ತವೆ, ಮತ್ತು ಅದನ್ನು ಸರಿಪಡಿಸಲು ಹಲವು ಸಾವಿರ ರೂಪಾಯಿಯ ಅದೇ ಚಿಕಿತ್ಸೆಯನ್ನು ಮತ್ತೆ ಮಾಡಿಸಬೇಕಾಗುತ್ತದೆ. ಎರಡನೆಯದಾಗಿ, ಈ ಪ್ರಕರಣದಲ್ಲಿ ಇದೇ ಮುಖ್ಯ, ನೇರವಾದ ನುಣುಪು ಕೂದಲಿನಲ್ಲಿ ಪಿನ್ನು ನಿಲ್ಲುವುದಿಲ್ಲ. ಅಲೆಗೂದಲಿನ ಎಳೆಗಳು ಒಂದಕ್ಕೊಂದು ತಗುಲಿಕೊಂಡಿರುವುದರಿಂದಲೇ ಜಡೆಯೂ ತುರುಬೂ ದಿನವಿಡೀ ಜಾರದೆ ಇರುತ್ತವೆ. ದಿನವೆಲ್ಲ ಕಟ್ಟಿಕೊಂಡೇ ಇರಬೇಕಾದ ಕೂದಲಿನಿಂದ ಆ ಹಿಡಿತವನ್ನು ಹಣ ಕೊಟ್ಟು ತೆಗೆಸುವುದರಲ್ಲಿ ಅರ್ಥವಿರಲಿಲ್ಲ.

ಕೆರಾಟಿನ್ ಮಾಡಿಸಿದರೆ ಹೇಗೆ ಎಂಬ ಪ್ರಶ್ನೆಯೂ ಬಂತು. ಆ ಹೆಸರಿನಲ್ಲಿ ಮಾರಾಟವಾಗುವ ಹಲವು ದ್ರಾವಣಗಳು ಇಸ್ತ್ರಿಯ ಬಿಸಿಗೆ ಫಾರ್ಮಾಲ್ಡಿಹೈಡ್ ಅನಿಲವನ್ನು ಬಿಡುತ್ತವೆ. ಕಣ್ಣು ಉರಿಯುವುದು, ಗಂಟಲು ಕೆರೆಯುವುದು ಅದರ ಲಕ್ಷಣಗಳು. ಫಾರ್ಮಾಲ್ಡಿಹೈಡ್ ಇಲ್ಲದ್ದು ಎಂದು ಬರುವ ಕೆಲವು ದ್ರಾವಣಗಳಲ್ಲಿ ಗ್ಲೈಆಕ್ಸಿಲಿಕ್ ಆಮ್ಲವಿರುತ್ತದೆ, ಅದನ್ನು ಬಳಸಿದ ನಂತರ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ ಪ್ರಕರಣವನ್ನು ಫ್ರಾನ್ಸಿನ ವೈದ್ಯರು 2024ರಲ್ಲಿ ಪ್ರಕಟಿಸಿದ್ದಾರೆ. ಡಬ್ಬಿಯ ಮೇಲಿನ ಪದಾರ್ಥಗಳ ಪಟ್ಟಿಯನ್ನು ಓದದೆ ಈ ಕೆಲಸಕ್ಕೆ ಕೈಹಾಕುವ ಪಾರ್ಲರಿನಿಂದ ದೂರವಿರುವುದು ಒಳ್ಳೆಯದು. ಇಷ್ಟನ್ನು ಕೇಳಿದ ಮೇಲೆ ಆಕೆ ಸ್ಟ್ರೇಟನಿಂಗ್ ವಿಚಾರವನ್ನು ಬಿಟ್ಟಳು. ತಾಯಿಯ ಮುಖದಲ್ಲಿ ಗೆಲುವು ಕಂಡಿತು, ಆದರೆ ಎಣ್ಣೆಯ ಮಾತು ಇನ್ನೂ ಬಾಕಿಯಿತ್ತು.

ಕತ್ತರಿಯ ಕೆಲಸ

ಕೂದಲು ಕತ್ತರಿಸಿದ ಮರುದಿನವೇ ಸಂದರ್ಶನಕ್ಕೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಅಲೆಗೂದಲಿನ ತುದಿಯ ಭಾರ ಇಳಿದಾಗ ಅಲೆ ಮೇಲಕ್ಕೆ ಎಳೆದುಕೊಳ್ಳುತ್ತದೆ, ಹೊಸ ಉದ್ದಕ್ಕೆ ಅದು ಹೇಗೆ ಕೂರುತ್ತದೆ ಎಂಬುದು ಒಂದೆರಡು ಸಲ ತಲೆ ತೊಳೆದ ಮೇಲೆಯೇ ತಿಳಿಯುವುದು. ಆದ್ದರಿಂದ ಕತ್ತರಿಯ ಕೆಲಸವನ್ನು ಆ ಮೊದಲ ಭೇಟಿಯಲ್ಲೇ ಮುಗಿಸಿದೆವು.

ಯುವತಿಗೆ ಲೇಯರ್ ಕಟ್ ಬೇಕಿತ್ತು. ದಟ್ಟ ಅಲೆಗೂದಲನ್ನು ಒಂದೇ ಮಟ್ಟಕ್ಕೆ ಕತ್ತರಿಸಿದರೆ ಮೇಲೆ ಚಪ್ಪಟೆಯಾಗಿ ಕೆಳಗೆ ಅಗಲವಾಗಿ ತ್ರಿಕೋನದಂತೆ ನಿಲ್ಲುತ್ತದೆ ಎಂಬುದು ನಿಜ, ಹಾಗಾಗಿ ಆಕೆಯ ಕೋರಿಕೆ ತಪ್ಪೇನಲ್ಲ. ಆದರೆ ಕೆನ್ನೆಯ ಮಟ್ಟದಿಂದ ಲೇಯರ್ ಶುರುಮಾಡಿದರೆ ಆ ಗಿಡ್ಡ ತುದಿಗಳು ಜಡೆಯ ಹೆಣಿಗೆಯಿಂದ ಅಲ್ಲಲ್ಲಿ ಹೊರಬಂದು ನಿಲ್ಲುತ್ತವೆ, ಕಿವಿಯ ಪಕ್ಕದ ಎಳೆಗಳು ಕಟ್ಟಿಗೆ ಸಿಗದೆ ಬರೆಯುವಾಗ ಮುಖದ ಮೇಲೆ ಬೀಳುತ್ತವೆ. ಅತಿ ಗಿಡ್ಡ ಲೇಯರೂ ಭುಜದೆಲುಬಿನಿಂದ ಕೆಳಗೇ ಇರಬೇಕು ಎಂದು ನಿಗದಿಪಡಿಸಿ, ತುದಿಯಿಂದ ಎಂಟು ಸೆಂಟಿಮೀಟರಿನಷ್ಟು ತೆಗೆದು, ಒಳಪದರದಲ್ಲಿ ಮಾತ್ರ ಉದ್ದನೆಯ ಲೇಯರ್ ಕೊಟ್ಟೆ. ಹಣೆಯ ಮೇಲೆ ಫ್ರಿಂಜ್ ಬೇಡವೆಂದೆ. ಹೆಲ್ಮೆಟ್ಟಿನ ಪಟ್ಟಿ ಕೂರುವ ಜಾಗ ಅದೇ.

ದಟ್ಟ ಕೂದಲು ಎಂದೊಡನೆ ಹಲ್ಲಿನ ಕತ್ತರಿ ಹಿಡಿದು ತೆಳುಗೊಳಿಸುವ ಅಭ್ಯಾಸ ನಮ್ಮ ಕಸುಬಿನಲ್ಲಿ ಬಹಳ ಇದೆ. ಆ ಕತ್ತರಿಯನ್ನು ಬುಡದ ಹತ್ತಿರ ಹಾಕಿದರೆ ಅಂದು ಕೂದಲು ಹಗುರವಾಗಿ ಕಾಣುತ್ತದೆ, ತಿಂಗಳೊಳಗೆ ಆ ತುಂಡು ಎಳೆಗಳು ಬೆಳೆದು ಮೇಲಿನ ಪದರವನ್ನು ಒಳಗಿನಿಂದ ಎತ್ತುತ್ತವೆ. ಮೊದಲಿಗಿಂತ ಹೆಚ್ಚು ಉಬ್ಬಿದೆಯಲ್ಲ ಎಂದು ಗಿರಾಕಿ ಮತ್ತೆ ಬರುತ್ತಾಳೆ, ಮತ್ತೆ ಅದೇ ಕತ್ತರಿ ಬೀಳುತ್ತದೆ. ದಪ್ಪ ಎಳೆಯ ಅಲೆಗೂದಲಿನಲ್ಲಿ ಹಲ್ಲಿನ ಕತ್ತರಿ ಕೊನೆಯ ನಾಲ್ಕು ಬೆರಳು ಉದ್ದವನ್ನು ಬಿಟ್ಟು ಮೇಲೆ ಹೋಗಬಾರದು.

ಯಾವ ಕಟ್ಟು ಮಧ್ಯಾಹ್ನದವರೆಗೆ ನಿಲ್ಲುತ್ತದೆ

ಕನ್ನಡಿಯ ಮುಂದೆ ಐದು ನಿಮಿಷ ಚೆನ್ನಾಗಿ ಕಾಣುವ ವಿನ್ಯಾಸಗಳು ಹತ್ತಾರು ಇವೆ. ಈಕೆಗೆ ಬೇಕಾದದ್ದು ಬೆಳಿಗ್ಗೆ ಏಳಕ್ಕೆ ಬಳ್ಳಾರಿಯಲ್ಲಿ ಕಟ್ಟಿ, ಕಿಟಕಿ ತೆರೆದ ಬಸ್ಸಿನಲ್ಲಿ ಸುಮಾರು ಮೂವತ್ತು ಕಿಲೋಮೀಟರ್ ಸಾಗಿ, ಪರೀಕ್ಷೆ ಬರೆದು, ಹೆಲ್ಮೆಟ್ ಹಾಕಿ ತೆಗೆದು, ಮೇ ತಿಂಗಳ ಬಿಸಿಲಿನಲ್ಲಿ ನಡೆದು, ಮಧ್ಯಾಹ್ನದ ನಂತರವೂ ಸಂದರ್ಶಕರ ಎದುರು ಅಚ್ಚುಕಟ್ಟಾಗಿ ಕಾಣುವಂಥದ್ದು. ಹೀಗಾಗಿ ಪ್ರತಿಯೊಂದನ್ನೂ ಮನೆಯಲ್ಲಿ ಒಂದು ಇಡೀ ದಿನ ಇಟ್ಟುಕೊಂಡು, ಅಂಗಿ ಹಾಕಿಕೊಂಡು, ಸಂಜೆ ಹೇಗಿದೆ ಎಂದು ಫೋಟೊ ಕಳುಹಿಸಲು ಹೇಳಿದೆ. ಆಕೆಯ ಚಿಕ್ಕಪ್ಪ ಗುತ್ತಿಗೆ ಕೆಲಸದವರಾದ್ದರಿಂದ ಮನೆಯಲ್ಲಿ ಒಂದು ಹಳದಿ ಸುರಕ್ಷತಾ ಹೆಲ್ಮೆಟ್ ಇತ್ತು, ಅದು ಈ ಪ್ರಯೋಗಕ್ಕೆ ಬಹಳ ಉಪಯೋಗವಾಯಿತು. ಬೈಕಿನ ಹೆಲ್ಮೆಟ್ ಇದಕ್ಕೆ ಬದಲಾಗುವುದಿಲ್ಲ, ಏಕೆಂದರೆ ಎರಡರ ಒಳರಚನೆ ಬೇರೆ.

ಬಿಟ್ಟ ಕೂದಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೂದಲು ಬಿಟ್ಟುಕೊಂಡು ಬಂದವರನ್ನು ಯಂತ್ರಗಳ ನಡುವೆ ಯಾರೂ ಬಿಡುವುದಿಲ್ಲ. ಎತ್ತರದ ಪೋನಿಟೇಲ್ ಈ ಪ್ರಮಾಣದ ಕೂದಲಿನ ಭಾರವನ್ನೆಲ್ಲ ನೆತ್ತಿಯ ಒಂದು ಬಿಂದುವಿಗೆ ಹಾಕುತ್ತದೆ, ಮಧ್ಯಾಹ್ನದೊಳಗೆ ತಲೆನೋವು ಬಂತೆಂದು ಆಕೆಯೇ ಹೇಳಿದಳು. ತಲೆನೋವು ಬಾರದಿದ್ದರೂ ಅದರ ಮೇಲೆ ಹೆಲ್ಮೆಟ್ ಕೂರುವುದಿಲ್ಲ. ಅರ್ಧ ಕೂದಲನ್ನು ದೊಡ್ಡ ಕ್ಲಿಪ್ಪಿನಲ್ಲಿ ಹಿಡಿದರೆ ಬಸ್ಸಿನ ಸೀಟಿಗೆ ತಲೆ ಆನಿಸಲಾಗದು.

ಕೆಳಮಟ್ಟದ ಪೋನಿಟೇಲ್ ಸ್ವಲ್ಪ ಆಸೆ ಹುಟ್ಟಿಸಿತ್ತು, ಬೆಳಿಗ್ಗೆಯ ಫೋಟೊದಲ್ಲಿ ಅದು ನಿಜಕ್ಕೂ ಚೆನ್ನಾಗಿತ್ತು. ಸಂಜೆಯ ಫೋಟೊದಲ್ಲಿ ಅದೇ ಕಟ್ಟು ಬೆನ್ನಿನ ಮೇಲೆ ಎರಡು ಪಟ್ಟು ಅಗಲವಾಗಿತ್ತು. ಅಲೆಗೂದಲು ಸಣ್ಣ ಸಣ್ಣ ಗೊಂಚಲುಗಳಾಗಿ ಒಣಗಿರುತ್ತದೆ, ಅಂಗಿಯ ಬಟ್ಟೆಗೆ ಉಜ್ಜಿ, ಗಾಳಿಗೆ ಸಿಕ್ಕಿ ಆ ಗೊಂಚಲುಗಳು ಬಿಡಿಯಾದಂತೆಲ್ಲ ಅದು ಹರಡುತ್ತದೆ. ಜೆಲ್ ಹೆಚ್ಚಿಸಿದರೆ ಈ ತೊಂದರೆ ತಪ್ಪೀತೇ ಎಂದು ಆಕೆ ಕೇಳಿದಳು. ಇಷ್ಟು ಕೂದಲಿಗೆ ಸಾಲುವಷ್ಟು ಜೆಲ್ ಹಾಕಿದರೆ ಒಣಗಿದ ಮೇಲೆ ಬಿಳಿ ಹೊಟ್ಟಿನಂತೆ ಉದುರುತ್ತದೆ, ಗಾಢ ಬಣ್ಣದ ಅಂಗಿಯ ಭುಜದ ಮೇಲೆ ಅದು ತಲೆಹೊಟ್ಟೆಂದೇ ಕಾಣುತ್ತದೆ.

ಉಳಿದದ್ದು ತುರುಬು. ಕೂದಲನ್ನು ಹಾಗೆಯೇ ತಿರುಚಿ ಸುತ್ತಿದ ತುರುಬು ತೆಳುಗೂದಲಿನವರಿಗೆ ಸರಿಹೋಗುತ್ತದೆ. ದಟ್ಟ ಕೂದಲಿನಲ್ಲಿ ತಿರುಚಿದ ಹಗ್ಗ ತನ್ನ ಭಾರಕ್ಕೇ ಬಿಚ್ಚಿಕೊಳ್ಳುತ್ತ, ಗಂಟೆಗೊಮ್ಮೆ ಅರ್ಧ ಬೆರಳಿನಷ್ಟು ಕೆಳಗಿಳಿಯುತ್ತದೆ. ಕೈ ಪದೇ ಪದೇ ಕತ್ತಿನ ಹಿಂದಕ್ಕೆ ಹೋಗುತ್ತದೆ, ಸಂದರ್ಶನದ ಕೋಣೆಯಲ್ಲಿ ಅದೊಂದು ಕೆಟ್ಟ ಅಭ್ಯಾಸವಾಗಿ ಕಾಣುತ್ತದೆ. ಮೊದಲು ಮೂರೆಳೆಯ ಜಡೆ ಹೆಣೆದು, ಆ ಜಡೆಯನ್ನು ಸುತ್ತಿ ಪಿನ್ನು ಹಾಕಿದಾಗ ಈ ತೊಂದರೆ ಇಲ್ಲವಾಯಿತು, ಏಕೆಂದರೆ ಹೆಣಿಗೆಯೇ ಕೂದಲನ್ನು ಲಾಕ್ ಮಾಡಿರುತ್ತದೆ, ಪಿನ್ನಿನ ಕೆಲಸ ಸುರುಳಿಯನ್ನು ತಲೆಗೆ ಅಂಟಿಸಿಡುವುದಷ್ಟೇ.

ಇಲ್ಲಿಗೆ ಮುಗಿಯಿತೆನ್ನುವಾಗ ಹಳದಿ ಹೆಲ್ಮೆಟ್ ಅಡ್ಡಬಂತು. ಸುರಕ್ಷತಾ ಹೆಲ್ಮೆಟ್ಟಿನ ಒಳಗೆ ತಲೆಯನ್ನು ಸುತ್ತುವ ಒಂದು ಪಟ್ಟಿಯಿರುತ್ತದೆ. ಅದರ ಹಿಂಭಾಗ ತಲೆಬುರುಡೆಯ ಉಬ್ಬಿನ ಕೆಳಗೆ, ಕತ್ತಿನ ಮೇಲ್ಭಾಗದಲ್ಲಿ ಕೂರಬೇಕು, ಬಿಗಿ ಮಾಡುವ ತಿರುಗಣೆಯೂ ಅನೇಕ ಹೆಲ್ಮೆಟ್ಟುಗಳಲ್ಲಿ ಅಲ್ಲಿಯೇ ಇರುತ್ತದೆ. ಸಭ್ಯವಾದ ಕೆಳತುರುಬು ಕೂರುವ ಜಾಗವೂ ಸರಿಯಾಗಿ ಅದೇ. ತುರುಬಿನ ಮೇಲೆ ಪಟ್ಟಿ ಹಾಯ್ದರೆ ಹೆಲ್ಮೆಟ್ ಮುಂದಕ್ಕೆ ವಾಲಿ ಹುಬ್ಬಿನ ಮೇಲೆ ಬೀಳುತ್ತದೆ. ಸಡಿಲ ಬಿಟ್ಟರೆ ತಲೆ ಬಗ್ಗಿಸಿದಾಗ ಕಳಚುತ್ತದೆ. ಹೀಗೆ ಕೂತ ಹೆಲ್ಮೆಟ್ ರಕ್ಷಣೆ ಕೊಡುವುದಿಲ್ಲ ಎಂಬುದು ಒಂದು ಕಡೆ, ಉತ್ಪಾದನಾ ವಿಭಾಗದ ಹುದ್ದೆಗೆ ಬಂದ ಅಭ್ಯರ್ಥಿ ಸುತ್ತಿನುದ್ದಕ್ಕೂ ಹೆಲ್ಮೆಟ್ ಹಿಡಿದುಕೊಂಡೇ ನಡೆಯುವುದು ಇನ್ನೊಂದು ಕಡೆ. ನೆತ್ತಿಯಿಂದ ಹೆಣೆಯುವ ಫ್ರೆಂಚ್ ಜಡೆಯೂ ಕೆಲಸಕ್ಕೆ ಬರಲಿಲ್ಲ, ಹೆಣಿಗೆಯ ಏಣು ಹೆಲ್ಮೆಟ್ಟಿನ ಒಳಗೆ ತಲೆಗೆ ಒತ್ತುತ್ತದೆ.

ಕೊನೆಗೆ ಒಪ್ಪಿದ ವ್ಯವಸ್ಥೆ ಹೀಗಿತ್ತು. ಜಡೆಯನ್ನು ಕತ್ತಿನ ಹಿಂದೆ ಕೂದಲು ಮುಗಿಯುವ ಅಂಚಿನಲ್ಲೇ ಶುರುಮಾಡುವುದು, ಆ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕದೆ ಮೊದಲ ಮೂರು ಹೆಣಿಗೆಗಳನ್ನು ಬಿಗಿಯಾಗಿ, ಉಳಿದದ್ದನ್ನು ಸಾಧಾರಣವಾಗಿ ಹಾಕುವುದು. ತುದಿಗೆ ಬಟ್ಟೆ ಸುತ್ತಿದ ಸಣ್ಣ ಬ್ಯಾಂಡ್. ನಂತರ ಜಡೆಯನ್ನು ಒಂದರ ಮೇಲೊಂದು ಏರಿಸದೆ, ಚಕ್ಕುಲಿಯಂತೆ ಸುತ್ತಿನ ಪಕ್ಕ ಸುತ್ತು ಬರುವಂತೆ ಚಪ್ಪಟೆಯಾಗಿ ಸುತ್ತಿ, ಆರು ಯು ಪಿನ್ನುಗಳಿಂದ ಕೂರಿಸುವುದು. ಹೆಲ್ಮೆಟ್ ಹಾಕುವ ಹೊತ್ತಿಗೆ ಪಿನ್ನುಗಳನ್ನು ತೆಗೆದು ಜಡೆಯನ್ನು ಇಳಿಬಿಟ್ಟು, ಅಂಗಿಯ ಕಾಲರಿನೊಳಗೆ ಬೆನ್ನಿಗೆ ಸೇರಿಸಿಬಿಡುವುದು. ಹೊರಗೆ ನೇತಾಡುವ ಜಡೆ ತಿರುಗುವ ಯಂತ್ರದ ಬಳಿ ಬಿಟ್ಟ ಕೂದಲಿನಷ್ಟೇ ಅಪಾಯಕಾರಿ. ಸುತ್ತು ಮುಗಿದ ಮೇಲೆ ಜಡೆಯನ್ನು ಹೊರತೆಗೆದು ಮತ್ತೆ ಸುತ್ತುವುದು. ಬಿಚ್ಚಲು ಅರ್ಧ ನಿಮಿಷ ಸಾಕು, ಮತ್ತೆ ಕೂರಿಸಲು ಎರಡು ಮೂರು ನಿಮಿಷ.

ಪಿನ್ನಿನ ವಿಷಯದಲ್ಲಿ ಒಂದು ಮಾತು. ಸಾಮಾನ್ಯ ಚಪ್ಪಟೆ ಹೇರ್‌ಪಿನ್ನು ಇಷ್ಟು ದಪ್ಪದ ಜಡೆಯಲ್ಲಿ ಬಾಯಿ ಬಿಟ್ಟು ಹಾರಿಹೋಗುತ್ತದೆ, ಹಾಗಾಗಿ ಯು ಪಿನ್ನೇ ಬೇಕು. ಅದನ್ನು ನೇರವಾಗಿ ಚುಚ್ಚಿದರೆ ನಿಲ್ಲದು. ಪಿನ್ನಿನ ತುದಿಗಳನ್ನು ತುರುಬಿನ ಹೊರಅಂಚಿನ ಸ್ವಲ್ಪ ಕೂದಲಿಗೆ ಸಿಕ್ಕಿಸಿ, ತಲೆಯ ಕೂದಲನ್ನೂ ಸ್ವಲ್ಪ ಎತ್ತಿಕೊಂಡು, ಅಲ್ಲಿಂದ ಪಿನ್ನನ್ನು ಮಗುಚಿ ತುರುಬಿನ ನಡುಭಾಗದ ಕಡೆಗೆ ತಲೆಗೆ ಸಮಾನಾಂತರವಾಗಿ ತಳ್ಳಬೇಕು. ಸರಿಯಾಗಿ ಕೂತ ಪಿನ್ನು ಕಾಣುವುದೂ ಇಲ್ಲ, ಚುಚ್ಚುವುದೂ ಇಲ್ಲ. ತಲೆಯನ್ನು ಜೋರಾಗಿ ಅಲ್ಲಾಡಿಸಿದಾಗ ತುರುಬು ತಲೆಯ ಜೊತೆಗೇ ಅಲ್ಲಾಡಿದರೆ ಸರಿ, ತಡವಾಗಿ ಅಲ್ಲಾಡಿದರೆ ಎಲ್ಲೋ ಒಂದು ಪಿನ್ನು ಬರೀ ತುರುಬಿನೊಳಗೇ ಇದೆ ಎಂದರ್ಥ. ಬಿಗಿತ ಹೆಚ್ಚಾಗಿದೆಯೇ ಎಂದು ತಿಳಿಯಲು ಹುಬ್ಬು ಏರಿಸಿ ನೋಡಬೇಕು. ಹಣೆಯ ಅಂಚು ಎಳೆದಂತಾದರೆ ಸಡಿಲಿಸಬೇಕು. ಒಂದು ದಿನಕ್ಕೆ ಅದರಿಂದ ತಲೆನೋವು ಮಾತ್ರ, ಆದರೆ ದಿನವೂ ಹಾಗೆ ಎಳೆದು ಕಟ್ಟಿದವರಲ್ಲಿ ಹಣೆಯ ಅಂಚಿನ ಕೂದಲು ತೆಳುವಾಗುತ್ತ ಹೋಗುತ್ತದೆ.

ಗೇಟಿನ ಬಳಿ ಕನ್ನಡಿ ಇರಲಿಕ್ಕಿಲ್ಲವೆಂದು, ಬಿಚ್ಚುವುದನ್ನೂ ಸುತ್ತುವುದನ್ನೂ ಕಣ್ಣುಮುಚ್ಚಿ ಅಭ್ಯಾಸ ಮಾಡಲು ಹೇಳಿದೆ. ಮೊದಲ ದಿನಗಳಲ್ಲಿ ತುರುಬು ಎಡಕ್ಕೆ ವಾಲುತ್ತಿತ್ತು. ಎರಡೂ ಕಿವಿಯ ತುದಿಗಳಿಂದ ಹೆಬ್ಬೆರಳು ಹಿಂದಕ್ಕೆ ಸರಿಸಿ ಎರಡೂ ಕೈ ಸೇರುವಲ್ಲಿ ತುರುಬಿನ ನಡು ಬರಬೇಕೆಂಬ ಗುರುತು ಸಿಕ್ಕ ಮೇಲೆ ಸರಿಯಾಯಿತು.

ನೀರು, ಎಣ್ಣೆ ಮತ್ತು ಹಿಂದಿನ ರಾತ್ರಿ

ಅಲೆಗೂದಲು ಅಚ್ಚುಕಟ್ಟಾಗಿ ಕಾಣುವುದು ಬಹುಪಾಲು ಅದು ಹೇಗೆ ಒಣಗಿತು ಎಂಬುದರ ಮೇಲೆ ನಿಂತಿದೆ. ಕೂದಲು ನೀರು ಹೀರಿದಾಗ ಅದರೊಳಗಿನ ಜಲಜನಕ ಬಂಧಗಳು ಸಡಿಲವಾಗಿ, ಒಣಗುವಾಗ ಕೂದಲು ಇರುವ ಭಂಗಿಯಲ್ಲೇ ಮತ್ತೆ ಕೂಡಿಕೊಳ್ಳುತ್ತವೆ. ಆದ್ದರಿಂದ ಬೈತಲೆಯನ್ನು ಒದ್ದೆ ಇರುವಾಗಲೇ ತೆಗೆಯಬೇಕು. ಒಣಗಿದ ಮೇಲೆ ತೆಗೆದ ಬೈತಲೆಯ ಎರಡೂ ಬದಿಯಲ್ಲಿ ಬುಡದ ಕೂದಲು ಹಳೆಯ ದಿಕ್ಕಿಗೇ ಎದ್ದು ನಿಲ್ಲುತ್ತದೆ. ಈಕೆಗೆ ಸುಳಿ ಬಲಕ್ಕಿದ್ದುದರಿಂದ ನಟ್ಟನಡುವಿನ ಬೈತಲೆ ಹಿಂದೆ ಕವಲೊಡೆಯುತ್ತಿತ್ತು. ನಡುವಿನಿಂದ ಒಂದು ಬೆರಳು ಎಡಕ್ಕೆ ಸರಿಸಿದಾಗ ಸುಳಿಯ ಕೂದಲು ಬೈತಲೆಗೆ ಅಡ್ಡ ಬರದೆ ಮಲಗಿತು.

ಆಕೆಯ ಮನೆಗೆ ಬೋರ್‌ವೆಲ್ ನೀರು. ಸೋಪು ನೊರೆ ಬಾರದಿರುವುದು, ನೀರು ಕಾಯಿಸುವ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುವುದು, ತೊಳೆದ ಕೂದಲು ಒದ್ದೆಯಲ್ಲೂ ಒರಟಾಗಿ ಸಿಗುವುದು, ಇವೆಲ್ಲ ಗಡಸು ನೀರಿನ ಗುರುತುಗಳು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಎಳೆಯ ಮೇಲೆ ಕುಳಿತು ಅಲೆಯನ್ನು ಬಿರುಸು ಮಾಡುತ್ತವೆ. ಎಲ್ಲ ನೀರನ್ನೂ ಬದಲಿಸುವುದು ಆಗದ ಮಾತು. ಶಾಂಪೂ, ಕಂಡಿಷನರ್ ಎರಡನ್ನೂ ಬೋರಿನ ನೀರಿನಲ್ಲೇ ತೊಳೆದು, ಕೊನೆಯ ನಾಲ್ಕೈದು ಲೀಟರ್ ಮಾತ್ರ ಕುಡಿಯಲು ತರುವ ಕ್ಯಾನಿನ ಫಿಲ್ಟರ್ ನೀರನ್ನು ನಿಧಾನವಾಗಿ ಸುರಿದುಕೊಳ್ಳಲು ಹೇಳಿದೆ. ಎರಡನೆಯ ಸಲಕ್ಕೇ ಸಿಕ್ಕು ಬಿಡಿಸುವಾಗ ಉದುರುವುದು ಕಡಿಮೆಯಾಯಿತೆಂದು ತಾಯಿ ಗಮನಿಸಿದರು.

ಎಣ್ಣೆಯ ವಿಚಾರದಲ್ಲಿ ತಾಯಿಯ ಪಕ್ಷವನ್ನು ಅರ್ಧ ಒಪ್ಪಿದೆ. ತೊಳೆಯುವ ಮೊದಲು ಹಚ್ಚಿದ ಕೊಬ್ಬರಿ ಎಣ್ಣೆ ಎಳೆಯೊಳಗೆ ಇಳಿದು, ನೀರಿನಲ್ಲಿ ಅದು ಉಬ್ಬಿ ಸವೆಯುವುದನ್ನು ತಡೆಯುತ್ತದೆ; ಹಾಗಾಗಿ ಎರಡು ರಾತ್ರಿ ಮುಂಚೆ ಧಾರಾಳವಾಗಿ ಹಚ್ಚಬಹುದು. ಸಂದರ್ಶನದ ಬೆಳಿಗ್ಗೆ ಹಚ್ಚಿದ ಎಣ್ಣೆ ಬೇರೆ ಕಥೆ. ನಲವತ್ತು ಡಿಗ್ರಿಯ ಬಿಸಿಲಿಗೆ ಅದು ಹಣೆಗೂ ಕಾಲರಿಗೂ ಇಳಿಯುತ್ತದೆ, ಅದಿರಿನ ಲಾರಿಗಳು ಓಡಾಡುವ ಆ ರಸ್ತೆಯ ಕೆಂಧೂಳು ಅದಕ್ಕೆ ಅಂಟುತ್ತದೆ.

ತೊಳೆಯುವುದು ಹಿಂದಿನ ದಿನ ಮಧ್ಯಾಹ್ನ ನಾಲ್ಕರೊಳಗೆ ಮುಗಿಯಬೇಕೆಂದು ನಿಗದಿಯಾಯಿತು. ಮೇಲ್ಪದರ ಒಣಗಿದಂತೆ ಕಂಡರೂ ಇಷ್ಟು ಕೂದಲಿನ ಒಳಪದರ ಒಣಗಲು ಬಳ್ಳಾರಿಯ ಬೇಸಿಗೆಯಲ್ಲೂ ಹಲವು ಗಂಟೆ ಹಿಡಿಯುತ್ತದೆ, ಒಳಗೆ ಹಸಿಯಿಟ್ಟು ಜಡೆ ಹಾಕಿದರೆ ಬೆಳಿಗ್ಗೆ ಮುಗ್ಗಲು ವಾಸನೆ ಬರುತ್ತದೆ, ಅಲೆಯೂ ಅಡ್ಡಾದಿಡ್ಡಿ ಮಡಿಕೆಯಾಗುತ್ತದೆ. ಕಂಡಿಷನರ್ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸಿಕ್ಕು ಬಿಡಿಸಿ, ತೊಳೆದ ಮೇಲೆ ಟವೆಲಿನಿಂದ ಉಜ್ಜದೆ ಹಳೆಯ ಹತ್ತಿಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಫ್ಯಾನಿನ ಕೆಳಗೆ ಮುಟ್ಟದೆ ಬಿಡಬೇಕು. ರಾತ್ರಿ ಸಡಿಲವಾದ ಒಂದು ಜಡೆ. ಬೆಳಿಗ್ಗೆ ಒಣ ಕೂದಲಿಗೆ ಸಣ್ಣ ಹಲ್ಲಿನ ಬಾಚಣಿಗೆ ಹಾಕಲೇಬಾರದು, ಹಾಕಿದ ಕ್ಷಣವೇ ಗೊಂಚಲುಗಳು ಬಿಡಿಯಾಗಿ ಕೂದಲು ಉಬ್ಬುತ್ತದೆ. ಅಂಗೈಯನ್ನು ಒದ್ದೆ ಮಾಡಿಕೊಂಡು ಬೆರಳಿನಿಂದಲೇ ಹಿಂದಕ್ಕೆ ತೀಡಿ, ಜಡೆ ಹೆಣೆದು, ಹಣೆಯ ಮರಿಗೂದಲಿಗೆ ಕಡಲೆಕಾಳಿನಷ್ಟು ಜೆಲ್ ಅನ್ನು ಹಳೆಯ ಟೂತ್‌ಬ್ರಷ್ಷಿನಿಂದ ಸವರಿ, ಅದರ ಮೇಲೆ ತೆಳುವಾದ ಹತ್ತಿಯ ದುಪಟ್ಟಾ ಕಟ್ಟಿ ಹದಿನೈದು ನಿಮಿಷ ಇಟ್ಟರೆ ಸಾಕು. ಈ ಹದಿನೈದು ನಿಮಿಷದಲ್ಲಿ ತಿಂಡಿ ತಿನ್ನಬಹುದು.

ಹೂವಿನ ಮಾತೊಂದು ಉಳಿದಿತ್ತು. ದುರ್ಗಮ್ಮನ ಗುಡಿಯಿಂದ ತಂದ ಹೂವನ್ನು ಮುಡಿದುಕೊಂಡೇ ಹೋಗಬೇಕೆಂದು ತಾಯಿಯ ಆಸೆ. ಸಂದರ್ಶನಕ್ಕೆ ಹೂ ಮುಡಿಯುವುದು ಅಸಭ್ಯವೆಂದು ಹೇಳುವವರ ಜೊತೆ ನಾನಿಲ್ಲ. ನಮ್ಮ ಊರಿನ ಬ್ಯಾಂಕಿನಲ್ಲೋ ಶಾಲೆಯಲ್ಲೋ ಒಂದು ಮೊಳ ಮಲ್ಲಿಗೆ ಯಾರ ಕಣ್ಣಿಗೂ ವಿಚಿತ್ರವಾಗದು. ಇಲ್ಲಿ ತೊಂದರೆ ಇದ್ದದ್ದು ಮತ್ತೆ ಹೆಲ್ಮೆಟ್ಟಿನಿಂದ, ಮತ್ತು ಬಾಡಿದ ಮಲ್ಲಿಗೆ ಮಧ್ಯಾಹ್ನದ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗುವುದರಿಂದ. ಹೂವು ಕರೆಪತ್ರದ ಫೈಲಿನೊಳಗೆ ಸೇರಿತು.

ಸಂದರ್ಶನದ ದಿನ

ಆ ದಿನದ ಕ್ರಮ ನಾವು ಎಣಿಸಿದಂತೆ ಇರಲಿಲ್ಲ. ಕಾರ್ಖಾನೆಯ ಸುತ್ತು ಕೊನೆಗಿರುತ್ತದೆ ಎಂದುಕೊಂಡಿದ್ದೆವು, ಆದರೆ ಬಿಸಿಲೇರುವ ಮೊದಲೇ ಎಲ್ಲರನ್ನೂ ಒಳಗೆ ಕರೆದೊಯ್ದರು, ಸಂದರ್ಶನ ಮಧ್ಯಾಹ್ನದ ಊಟದ ನಂತರಕ್ಕೆ ಹೋಯಿತು. ಆಕೆ ಗೇಟಿನಲ್ಲಿ ಪಿನ್ನುಗಳನ್ನು ತೆಗೆದು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಜಡೆಯನ್ನು ಕಾಲರಿನೊಳಗೆ ಸೇರಿಸಿ, ಪಟ್ಟಿಯನ್ನು ಕತ್ತಿನ ಹಿಂದೆ ಸರಿಯಾಗಿ ಬಿಗಿ ಮಾಡಿಕೊಂಡಳು. ಹೊರಬಂದಾಗ ನೆತ್ತಿ ಬೆವರಿನಿಂದ ಒದ್ದೆಯಾಗಿ ಹೆಲ್ಮೆಟ್ ಪಟ್ಟಿಯ ಗೆರೆ ಹಣೆಯ ಮೇಲಿನ ಕೂದಲಿನಲ್ಲಿ ಮೂಡಿತ್ತು. ಇದನ್ನು ನಾವು ಮೊದಲೇ ನೋಡಿದ್ದರಿಂದ ಅದಕ್ಕೂ ದಾರಿಯಿತ್ತು: ಆ ಗೆರೆಯೂ ಒದ್ದೆಯಲ್ಲಿ ಬಿದ್ದು ಒಣಗಿದ ಮಡಿಕೆಯೇ ಆದ್ದರಿಂದ, ಒದ್ದೆ ಅಂಗೈಯಿಂದ ಮತ್ತೆ ನೆನೆಸಿ ಹಿಂದಕ್ಕೆ ತೀಡಿ, ಕರವಸ್ತ್ರವನ್ನು ಕೆಲವು ನಿಮಿಷ ಒತ್ತಿ ಹಿಡಿದರೆ ಹೋಗುತ್ತದೆ. ಊಟದ ವಿರಾಮದಲ್ಲಿ ಅಷ್ಟನ್ನು ಮಾಡಿ, ಜಡೆಯನ್ನು ಬಿಚ್ಚಿ ಹೆಣೆಯದೆ ಹಾಗೆಯೇ ಸುತ್ತಿ ತುರುಬು ಕೂರಿಸಿದಳು. ಒಂದು ಪಿನ್ನು ಎಲ್ಲೋ ಬಿದ್ದುಹೋಗಿತ್ತು, ಐದರಲ್ಲೇ ನಿಂತಿತು. ಸಂಜೆ ಬಳ್ಳಾರಿಯ ಬಸ್ ನಿಲ್ದಾಣದಿಂದ ಕಳುಹಿಸಿದ ಫೋಟೊದಲ್ಲಿ ಕಿವಿಯ ಹಿಂದೆ ನಾಲ್ಕಾರು ಎಳೆ ಹೊರಬಂದಿದ್ದವು, ತುರುಬು ಇದ್ದಲ್ಲೇ ಇತ್ತು.

ಇದೇ ಕಟ್ಟು ಜೂನ್ ತಿಂಗಳಲ್ಲಿ ಇಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಮೇ ತಿಂಗಳ ಒಣ ಗಾಳಿಯಲ್ಲಿ ಒಣಗಿದ ಆಕಾರ ಹಾಗೆಯೇ ಉಳಿಯುತ್ತದೆ. ಮುಂಗಾರಿನ ತೇವ ಗಾಳಿಯಿಂದ ಕೂದಲು ದಿನವಿಡೀ ನೀರು ಹೀರುತ್ತ ಮೇಲ್ಪದರ ಉಬ್ಬುತ್ತದೆ. ಆಗ ತೊಳೆದ ಕೂದಲು ಇನ್ನೂ ಅರೆ ಒದ್ದೆ ಇರುವಾಗ ತೊಳೆಯದೆ ಬಿಡುವ ಕಂಡಿಷನರನ್ನು ಅಂಗೈಗೆ ಸವರಿಕೊಂಡು ಮೇಲ್ಪದರಕ್ಕೆ ಮಾತ್ರ ಹಚ್ಚಿ ಒಣಗಿಸಬೇಕು, ಜಡೆಯನ್ನು ಬುಡದಿಂದ ತುದಿಯವರೆಗೆ ಒಂದೇ ಬಿಗಿತದಲ್ಲಿ ಹೆಣೆಯಬೇಕು. ಆಗಸ್ಟಿನಲ್ಲಿ ಬೇರೊಂದು ಕಡೆ ಎರಡನೆಯ ಸಂದರ್ಶನಕ್ಕೆ ಹೋಗುವಾಗ ಆಕೆ ಹಾಗೆಯೇ ಮಾಡಿಕೊಂಡಳು. ಅಲ್ಲಿ ಹೆಲ್ಮೆಟ್ ಇರಲಿಲ್ಲವಾದ್ದರಿಂದ ತುರುಬನ್ನು ಬಿಚ್ಚುವ ಪ್ರಮೇಯ ಬರಲಿಲ್ಲ, ತಾಯಿ ಅದರ ಕೆಳಗೆ ಎರಡು ಎಸಳು ಕನಕಾಂಬರ ಸಿಕ್ಕಿಸಿ ಕಳುಹಿಸಿದರು.